ಗಾಜಿನ ಸಾಮಾನು ಪಾರ್ಸೆಲ್ ಮಾಡುವಾಗ: ಯಾವ ರಟ್ಟು, ಯಾವ ಮೆತ್ತೆ?

ಹಿಂದೊಮ್ಮೆ ನಾನು ಕಳಿಸಿದ ಪಾರ್ಸೆಲ್ ಒಂದು ವಾಪಸ್ ಬಂತು. ಪೆಟ್ಟಿಗೆ ಹೊಸದರ ಹಾಗೇ ಇತ್ತು. ಮೂಲೆ ನಜ್ಜಾಗಿರಲಿಲ್ಲ, ಟೇಪ್ ಬಿಟ್ಟಿರಲಿಲ್ಲ, ಎಲ್ಲೂ ತೂತಿರಲಿಲ್ಲ. ಆದರೆ ಅಲ್ಲಾಡಿಸಿದರೆ ಒಳಗೆ ಚಿಲ್ ಚಿಲ್ ಅನ್ನುವ ಸದ್ದು. ತೆಗೆದು ನೋಡಿದೆ. ಉದ್ದ ಕಾಲಿನ ಆರು ಗ್ಲಾಸುಗಳಲ್ಲಿ ನಾಲ್ಕರ ಕಾಲು ಬಟ್ಟಲಿನ ಬುಡದಲ್ಲೇ ಕಟ್ ಆಗಿತ್ತು. ನಾನು ಐದು ಪ್ಲೈ ರಟ್ಟಿನ ಗಟ್ಟಿ ಪೆಟ್ಟಿಗೆ ತಂದಿದ್ದೆ. ಒಳಗೆ ಮಾತ್ರ ಒಂದೊಂದು ಗ್ಲಾಸಿಗೆ ಎರಡು ಸುತ್ತು ಸಣ್ಣ ಬಬಲ್ ರ‍್ಯಾಪ್ ಸುತ್ತಿ, ಇಕ್ಕಟ್ಟಾಗಿ ಜೋಡಿಸಿದ್ದೆ. ಖರ್ಚೆಲ್ಲ ಪೆಟ್ಟಿಗೆಗೆ ಹೋಗಿತ್ತು, ಮೆತ್ತೆಗೆ ಏನೂ ಉಳಿದಿರಲಿಲ್ಲ.

ರಟ್ಟಿನ ಕೆಲಸ ಬೇರೆ, ಮೆತ್ತೆಯ ಕೆಲಸ ಬೇರೆ ಅನ್ನುವುದು ಆಗ ಗೊತ್ತಾಯಿತು. ಗೋಡೌನಿನಲ್ಲಿ ಮೇಲೆ ಹತ್ತು ಪೆಟ್ಟಿಗೆ ಪೇರಿಸಿದಾಗ ಕುಸಿಯದೆ ನಿಲ್ಲುವುದು ಮತ್ತು ಪಕ್ಕದ ಪೆಟ್ಟಿಗೆಯ ಚೂಪು ಮೂಲೆ ಒಳಗೆ ನುಗ್ಗದಂತೆ ತಡೆಯುವುದು ರಟ್ಟಿನ ಕೆಲಸ. ಕೈಜಾರಿ ಬಿದ್ದಾಗ ಆಗುವ ಪೆಟ್ಟನ್ನು ನುಂಗಿಕೊಳ್ಳುವುದು ಮೆತ್ತೆಯ ಕೆಲಸ. ಒಂದು ಮಾಡಬೇಕಾದ್ದನ್ನು ಇನ್ನೊಂದು ಮಾಡುವುದಿಲ್ಲ. ಗಟ್ಟಿ ಪೆಟ್ಟಿಗೆಯೊಳಗೆ ಮೆತ್ತೆ ಇಲ್ಲದಿದ್ದರೆ ನೆಲದ ಪೆಟ್ಟು ನೇರವಾಗಿ ಗಾಜಿಗೇ ಹೋಗುತ್ತದೆ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ಹೋಲಿಸಿ, ಆಮೇಲೆ ಅದೇ ಆರು ಗ್ಲಾಸುಗಳನ್ನು ಸರಿಯಾಗಿ ಪ್ಯಾಕ್ ಮಾಡಿ ತೋರಿಸುತ್ತೇನೆ.

ಮೊದಲು ರಟ್ಟು

ಅಂಗಡಿಯಲ್ಲಿ ಕೇಳುವ ಮಾತು ಮೂರು ಪ್ಲೈ, ಐದು ಪ್ಲೈ, ಏಳು ಪ್ಲೈ. ಮೂರು ಪ್ಲೈ ಅಂದರೆ ಎರಡು ಚಪ್ಪಟೆ ಹಾಳೆ, ಮಧ್ಯೆ ಅಲೆಅಲೆಯಾದ ಒಂದು ಹಾಳೆ. ಐದು ಪ್ಲೈಯಲ್ಲಿ ಅಲೆಯ ಹಾಳೆ ಎರಡು, ಚಪ್ಪಟೆ ಹಾಳೆ ಮೂರು. ಏಳು ಪ್ಲೈ ಯಂತ್ರದ ಭಾಗಗಳಂಥ ಭಾರದ ಸಾಮಾನಿಗೆ. ಗ್ಲಾಸು, ಬಟ್ಟಲು ಕಳಿಸುವವರಿಗೆ ಅದು ಬೇಕಿಲ್ಲ.

ಪ್ಲೈ ಎಷ್ಟು ಅಂತ ಕೇಳಿದರೆ ಸಾಲದು, ಅಲೆಯ ಎತ್ತರವನ್ನೂ ಕೇಳಬೇಕು. ಈ ಅಲೆಗೆ ಫ್ಲೂಟ್ ಅನ್ನುತ್ತಾರೆ. ಬಿ ಫ್ಲೂಟ್ ಸುಮಾರು 3 ಮಿಲಿಮೀಟರ್ ದಪ್ಪ. ಅಲೆಗಳು ಒತ್ತೊತ್ತಾಗಿರುತ್ತವೆ, ಹಾಗಾಗಿ ಬೆರಳಲ್ಲಿ ಒತ್ತಿದರೆ ಬೇಗ ಚಪ್ಪಟೆಯಾಗುವುದಿಲ್ಲ. ಸಿ ಫ್ಲೂಟ್ ಸುಮಾರು 4 ಮಿಲಿಮೀಟರ್. ಪೇರಿಸಿದಾಗ ಭಾರ ಹೊರುವುದರಲ್ಲಿ ಇದು ಬಿಗಿಂತ ಮೇಲು. ಇ ಫ್ಲೂಟ್ ಬರೀ ಒಂದೂವರೆ ಮಿಲಿಮೀಟರ್ ಚಿಲ್ಲರೆ. ಅಂಗಡಿ ಶೆಲ್ಫಿನಲ್ಲಿ ಚಂದ ಕಾಣುವ ಬಣ್ಣದ ಡಬ್ಬಿಗಳೆಲ್ಲ ಸಾಮಾನ್ಯವಾಗಿ ಇದರಲ್ಲೇ ಆಗುವುದು. ಗ್ಲಾಸುಗಳು ಕಂಪನಿಯಿಂದ ಬರುವ ಆ ಚಂದದ ಡಬ್ಬಿಯ ಮೇಲೇ ವಿಳಾಸ ಅಂಟಿಸಿ ಕಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಡಬ್ಬಿ ದೊಡ್ಡ ಪೆಟ್ಟಿಗೆಯೊಳಗೆ ಪ್ರಯಾಣ ಮಾಡಲಿ ಅಂತ ಮಾಡಿದ್ದು, ಒಂಟಿಯಾಗಿ ಹೋಗಲಿ ಅಂತ ಅಲ್ಲ. ಐದು ಪ್ಲೈಯಲ್ಲಿ ಸಾಮಾನ್ಯವಾಗಿ ಬಿ ಮತ್ತು ಸಿ ಎರಡೂ ಸೇರಿ 7 ಮಿಲಿಮೀಟರ್ ಹತ್ತಿರ ಬರುತ್ತದೆ.

ಇನ್ನು ಕಾಗದದ ಗುಣ. ಪೆಟ್ಟಿಗೆ ಮಾಡುವವರು ಜಿಎಸ್‌ಎಂ ಮತ್ತು ಬಿಎಫ್ ಅಂತ ಎರಡು ಸಂಖ್ಯೆ ಹೇಳುತ್ತಾರೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ. ಬಿಎಫ್ ಅಂದರೆ ಬರ್ಸ್ಟ್ ಫ್ಯಾಕ್ಟರ್, ತೂಕಕ್ಕೆ ಹೋಲಿಸಿದರೆ ಕಾಗದ ಎಷ್ಟು ಒತ್ತಡಕ್ಕೆ ಹರಿಯುತ್ತದೆ ಅನ್ನುವ ಲೆಕ್ಕ. ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಆ ಹಾಳೆ ಹರಿಯುವ ಒತ್ತಡ ಸಿಗುತ್ತದೆ. 150 ಜಿಎಸ್‌ಎಂ, 20 ಬಿಎಫ್ ಇರುವ ಹಾಳೆ ಚದರ ಸೆಂಟಿಮೀಟರಿಗೆ 3 ಕಿಲೋ ತಡೆಯುತ್ತದೆ. ಅದೇ ತೂಕದ 14 ಬಿಎಫ್ ಹಾಳೆ 2.1 ಕಿಲೋಗೇ ಹರಿಯುತ್ತದೆ. ಹಾಗಾಗಿ ಕಳಪೆ ಕಾಗದದ ಐದು ಪ್ಲೈಗಿಂತ ಒಳ್ಳೆ ಕಾಗದದ ಮೂರು ಪ್ಲೈ ಎಷ್ಟೋ ಸಲ ಮೇಲು. ಆದರೆ ಈ ಲೆಕ್ಕ ಹೇಳುವುದು ತೂತು ಬೀಳುವುದರ ಬಗ್ಗೆ ಮಾತ್ರ. ಪೇರಿಸಿದಾಗ ನಿಲ್ಲುತ್ತದಾ ಅಂತ ತಿಳಿಯಲು ಇಸಿಟಿ ಅನ್ನುವ ಬೇರೆ ಪರೀಕ್ಷೆ ಇದೆ. ರಟ್ಟಿನ ಒಂದು ತುಂಡನ್ನು ಅಂಚಿನ ಮೇಲೆ ನಿಲ್ಲಿಸಿ, ಎಷ್ಟು ಭಾರಕ್ಕೆ ನಜ್ಜಾಗುತ್ತದೆ ಅಂತ ನೋಡುತ್ತಾರೆ. ಅಂಗಡಿಯವರು ಆ ಸಂಖ್ಯೆ ಕೊಟ್ಟರೆ ಅದನ್ನೇ ಜಾಸ್ತಿ ನಂಬಿ.

ಯಾವ ಸಂಖ್ಯೆಯೂ ಸಿಗದಿದ್ದರೆ ಕೈಯಲ್ಲೇ ನೋಡಬಹುದು. ಕತ್ತರಿಸಿದ ಅಂಚಿಗೆ ಸ್ಕೇಲ್ ಇಡಿ. ಸಿ ಫ್ಲೂಟ್ ಅಂತ ಕೊಟ್ಟಿದ್ದು 3 ಮಿಲಿಮೀಟರ್ ಮಾತ್ರ ಇದ್ದರೆ ಅದು ಬಿ ಇರಬೇಕು, ಇಲ್ಲವೇ ಅಲೆ ಆಗಲೇ ನಜ್ಜಾಗಿರಬೇಕು. ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ ಬಿಡಿ. ಒಳ್ಳೆಯ ರಟ್ಟು ವಾಪಸ್ ಬರುತ್ತದೆ, ಸತ್ತ ರಟ್ಟಿನಲ್ಲಿ ಗುಳಿ ಹಾಗೇ ಉಳಿಯುತ್ತದೆ. ಅಲೆಯ ಗೆರೆಗಳು ಪೆಟ್ಟಿಗೆಯ ಗೋಡೆಯಲ್ಲಿ ಕಂಬದ ಹಾಗೆ ನೆಟ್ಟಗೆ ನಿಂತಿರಬೇಕು. ಅಡ್ಡ ಮಲಗಿದ್ದರೆ ಆ ಪೆಟ್ಟಿಗೆ ಮೇಲಿನ ಭಾರಕ್ಕೆ ಬೇಗ ಕುಸಿಯುತ್ತದೆ.

ತೇವದ ಬಗ್ಗೆ ಒಂದು ಮಾತು. ರಟ್ಟು ಕಾಗದವೇ ತಾನೆ? ಗಾಳಿಯಲ್ಲಿ ತೇವ 90 ಶೇಕಡಾ ಮುಟ್ಟಿದರೆ ಪೆಟ್ಟಿಗೆಯ ಹೊರುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಕಳಿಸುವವರು, ಹಳೆಯ ಪೆಟ್ಟಿಗೆಯನ್ನೇ ಮತ್ತೆ ಬಳಸುವವರು ಇದನ್ನು ಮರೆಯಬಾರದು. ಹಳೆಯ ಪೆಟ್ಟಿಗೆಯ ಮಡಿಕೆ, ಮೂಲೆಗಳು ಮೊದಲೇ ಸೋತಿರುತ್ತವೆ. ಹಳೆಯದನ್ನು ನಾನು ಒಳಗಿನ ಪೆಟ್ಟಿಗೆಯಾಗಿ ಬಳಸುತ್ತೇನೆ, ಹೊರಗಿನದಾಗಿ ಎಂದೂ ಇಲ್ಲ.

ಬೀಳುವ ಪೆಟ್ಟಿನ ಲೆಕ್ಕ

ಪಾರ್ಸೆಲ್ ಪೆಟ್ಟಿಗೆಗಳನ್ನು ಪರೀಕ್ಷೆ ಮಾಡಲು ಐಎಸ್‌ಟಿಎ ಅನ್ನುವ ಸಂಸ್ಥೆಯ ಪದ್ಧತಿಗಳಿವೆ. ಅದರ 1ಎ ಅನ್ನುವ ಪರೀಕ್ಷೆಯಲ್ಲಿ ಹಗುರ ಪೆಟ್ಟಿಗೆಯನ್ನು 76 ಸೆಂಟಿಮೀಟರ್ ಎತ್ತರದಿಂದ ಹತ್ತು ಸಲ ಬೀಳಿಸುತ್ತಾರೆ. ಕೈಯಲ್ಲಿ ಹಿಡಿದವರು ಜಾರಿಸಿದರೆ ಬೀಳುವ ಎತ್ತರ ಹೆಚ್ಚುಕಡಿಮೆ ಅದೇ.

76 ಸೆಂಟಿಮೀಟರಿನಲ್ಲಿ ಗಳಿಸಿದ ವೇಗವನ್ನು ಗ್ಲಾಸು ಮೆತ್ತೆಯೊಳಗೆ ಕಳೆದುಕೊಳ್ಳಬೇಕು. ನಿಲ್ಲಲು ಜಾಗ ಎಷ್ಟು ಕಡಿಮೆಯೋ ಪೆಟ್ಟು ಅಷ್ಟು ಜಾಸ್ತಿ. 5 ಸೆಂಟಿಮೀಟರ್ ಮೆತ್ತೆ ಅಂದುಕೊಳ್ಳಿ. ಅದರಲ್ಲಿ ಅರ್ಧ, ಅಂದರೆ ಎರಡೂವರೆ ಸೆಂಟಿಮೀಟರ್, ನಿಜವಾಗಿ ಅಮುಕಿಕೊಳ್ಳುತ್ತದೆ. 76 ಅನ್ನು 2.5ರಿಂದ ಭಾಗಿಸಿದರೆ 30. ಇದು ಸರಾಸರಿ ಪೆಟ್ಟು, ಗ್ಲಾಸಿನ ತೂಕದ ಎಷ್ಟು ಪಟ್ಟು ಅನ್ನುವ ಲೆಕ್ಕದಲ್ಲಿ. ಮೆತ್ತೆ ಅಮುಕಿದಷ್ಟೂ ಬಿಗಿಯಾಗುವುದರಿಂದ ಕೊನೆಯ ಕ್ಷಣದ ಪೆಟ್ಟು ಇದರ ಎರಡರಷ್ಟು, ಸುಮಾರು 60. ಅಂದರೆ 200 ಗ್ರಾಂ ಗ್ಲಾಸು ಆ ಒಂದು ಕ್ಷಣ 12 ಕಿಲೋ ಭಾರವಿದ್ದಂತೆ ವರ್ತಿಸುತ್ತದೆ.

ಈಗ ನಾನು ಮೊದಲು ಮಾಡಿದ್ದನ್ನು ನೋಡಿ. ಸಣ್ಣ ಬಬಲ್ ಅರ್ಧ ಸೆಂಟಿಮೀಟರ್ ಎತ್ತರ. ಎರಡು ಸುತ್ತು ಅಂದರೆ 1 ಸೆಂಟಿಮೀಟರ್. ಅದರಲ್ಲಿ ಅಮುಕುವುದು ಅರ್ಧ ಸೆಂಟಿಮೀಟರ್. ಅದೇ ಲೆಕ್ಕ ಹಾಕಿದರೆ ಸರಾಸರಿ 150, ತುದಿಯಲ್ಲಿ 300. ಅದೇ ಗ್ಲಾಸು ಈಗ 60 ಕಿಲೋ ಭಾರವಿದ್ದಂತೆ. ಬಟ್ಟಲು ನಿಂತರೂ ಕಾಲು ಮುಂದೆ ಹೋಗಲು ನೋಡುತ್ತದೆ. ಸಣ್ಣಗಿರುವ ಕಡೆ ಮುರಿಯುತ್ತದೆ. ಇದು ಒರಟು ಲೆಕ್ಕ. ಪೆಟ್ಟಿಗೆಯ ಮೂಲೆ ನಜ್ಜಾಗಿ ಒಂದಿಷ್ಟನ್ನು ತಾನೂ ನುಂಗುತ್ತದೆ. ಆದರೂ ಐದು ಪಟ್ಟು ಅನ್ನುವ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅಂತ ಇದರಿಂದ ಕಾಣುತ್ತದೆ. ದಪ್ಪ ಬುಡದ ನೀರಿನ ಲೋಟಕ್ಕೆ 3 ಸೆಂಟಿಮೀಟರ್ ಮೆತ್ತೆ ಸಾಕಾಗುತ್ತದೆ. ಕಾಲಿರುವ ಗ್ಲಾಸಿಗೆ, ತೆಳು ಬಲ್ಬಿನಂಥದ್ದಕ್ಕೆ ನಾನು 5ಕ್ಕಿಂತ ಕಡಿಮೆ ಇಡುವುದಿಲ್ಲ.

ಮೆತ್ತೆಗಳಲ್ಲಿ ಯಾವುದು?

ಬಬಲ್ ರ‍್ಯಾಪ್ ಎಲ್ಲರಿಗೂ ಗೊತ್ತು. 1957ರಲ್ಲಿ ಇಬ್ಬರು ಎಂಜಿನಿಯರುಗಳು ಗೋಡೆಗೆ ಅಂಟಿಸುವ ಕಾಗದ ಮಾಡಲು ಹೋಗಿ ಹುಟ್ಟಿದ್ದು ಇದು. ಸಣ್ಣ ಬಬಲ್ ಇರುವುದು ಗೀರು ಬೀಳದಂತೆ, ಗಾಜು ಗಾಜಿಗೆ ತಗುಲದಂತೆ ಸುತ್ತಲು. ಪೆಟ್ಟು ತಡೆಯಲು ಬೇಕಾದ್ದು ಎರಡೂವರೆ ಸೆಂಟಿಮೀಟರ್ ಅಗಲದ ದೊಡ್ಡ ಬಬಲ್. ಅದರ ಎತ್ತರ ಸುಮಾರು 12 ಮಿಲಿಮೀಟರ್, ಹಾಗಾಗಿ ನಾಲ್ಕು ಸುತ್ತಿಗೆ 5 ಸೆಂಟಿಮೀಟರ್ ಆಗುತ್ತದೆ. ಗುಳ್ಳೆಗಳು ಒಳಗೆ, ಸಾಮಾನಿನ ಕಡೆಗೆ ಇರಲಿ. ಇದರ ಕೊರತೆ ಅಂದರೆ ಭಾರದ ಸಾಮಾನು ದಿನಗಟ್ಟಲೆ ಮೇಲೆ ಕೂತರೆ ಗುಳ್ಳೆಗಳಿಂದ ಗಾಳಿ ನಿಧಾನಕ್ಕೆ ಸೋರುತ್ತದೆ. ಹಗುರ ಗಾಜಿಗೆ ಆ ತೊಂದರೆ ಇಲ್ಲ.

ಥರ್ಮೋಕೋಲ್ ಮೊದಲ ಪೆಟ್ಟನ್ನು ಬಹಳ ಚೆನ್ನಾಗಿ ತಡೆಯುತ್ತದೆ. ಆದರೆ ತಡೆಯುವುದು ತಾನು ನಜ್ಜಾಗಿ. ಬಿದ್ದ ಪೆಟ್ಟಿಗೆ ತೆಗೆದು ನೋಡಿದರೆ ಗ್ಲಾಸಿನ ಬಾಯಿಯ ಅಚ್ಚು ಬಳೆಯ ಹಾಗೆ ಅದರಲ್ಲಿ ಮೂಡಿರುತ್ತದೆ. ಆ ಗುಳಿ ಮತ್ತೆ ಮೇಲೇಳುವುದಿಲ್ಲ. ಅದೇ ಕಡೆ ಎರಡನೇ ಸಲ ಬಿದ್ದರೆ ಅಲ್ಲಿ ಮೆತ್ತೆಯೇ ಇಲ್ಲ. ಪಾರ್ಸೆಲ್ ಕೈಯಿಂದ ಕೈಗೆ ಹೋಗುವಾಗ ಒಂದೇ ಸಲ ಬೀಳುತ್ತದೆ ಅಂತ ನಂಬುವ ಹಾಗಿಲ್ಲ.

ಇಪಿಇ ಫೋಮ್, ಅಂದರೆ ಬಿಳಿಯ ಮೆತ್ತನೆಯ ಹಾಳೆ ಅಥವಾ ಹಲಗೆಯಾಗಿ ಸಿಗುವ ಫೋಮ್, ಮತ್ತೆ ಮತ್ತೆ ಪೆಟ್ಟು ತಿಂದರೂ ಮೇಲೇಳುತ್ತದೆ. ಅದಕ್ಕೇ ಎಲ್ಲರೂ ಇದೇ ಉತ್ತಮ ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಫೋಮ್ ಕೆಲಸ ಮಾಡಬೇಕಾದರೆ ಅದರ ಮೇಲೆ ಒಂದಿಷ್ಟು ಭಾರ ಇರಬೇಕು. ಸಾಮಾನ್ಯ ಇಪಿಇ ಚೆನ್ನಾಗಿ ಅಮುಕಬೇಕಾದರೆ ಪ್ರತಿ ಚದರ ಸೆಂಟಿಮೀಟರಿಗೆ ಕೆಲವು ಹತ್ತು ಗ್ರಾಂ ಬೇಕು. ಹಗುರ ಗ್ಲಾಸುಗಳ ಪೆಟ್ಟಿಗೆಯ ಅಡಿಗೆ ಪೂರ್ತಿ ಫೋಮ್ ಹಲಗೆ ಹಾಸಿದರೆ ಚದರ ಸೆಂಟಿಮೀಟರಿಗೆ ಎರಡು ಮೂರು ಗ್ರಾಂ ಬೀಳುತ್ತದೆ, ಅಷ್ಟೇ. ಅಷ್ಟು ಕಡಿಮೆ ಭಾರಕ್ಕೆ ಆ ಫೋಮ್ ಮರದ ಹಲಗೆಯ ಹಾಗೆ ಬಿಗಿಯಾಗಿ ನಿಲ್ಲುತ್ತದೆ. ಪೆಟ್ಟು ಹಾಗೇ ಗಾಜಿಗೆ ಹೋಗುತ್ತದೆ. ಫೋಮ್ ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅನ್ನುವುದು ಇಲ್ಲಿ ತಪ್ಪು.

ಹಾಗಾದರೆ ನಾಲ್ಕು ಮೂಲೆಗೆ ಸಣ್ಣ ತುಂಡು ಇಟ್ಟರೆ? ಸರಿ, ಆದರೆ ತುಂಡು ತೀರಾ ಸಣ್ಣದಾದರೆ ಕಡ್ಡಿಯ ಹಾಗೆ ಪಕ್ಕಕ್ಕೆ ಬಾಗುತ್ತದೆ. 5 ಸೆಂಟಿಮೀಟರ್ ದಪ್ಪದ ತುಂಡು ಕನಿಷ್ಠ ಆರೂವರೆ ಸೆಂಟಿಮೀಟರ್ ಅಗಲ ಇರಬೇಕು. ಅಂಥ ನಾಲ್ಕು ತುಂಡಿಗೆ ಸುಮಾರು 170 ಚದರ ಸೆಂಟಿಮೀಟರ್. 6 ಕಿಲೋ ತೂಕದ ದಪ್ಪ ಗಾಜಿನ ಹೂದಾನಿ ಇವುಗಳ ಮೇಲೆ ಕೂತರೆ ಚದರ ಸೆಂಟಿಮೀಟರಿಗೆ 35 ಗ್ರಾಂ. ಇದು ಫೋಮಿಗೆ ಹೇಳಿ ಮಾಡಿಸಿದ ಭಾರ. ಎರಡು ಕಿಲೋ ಒಳಗಿನ ಗ್ಲಾಸುಗಳಾದರೆ 11 ಗ್ರಾಂ ಸಿಗುತ್ತದೆ. ಪರವಾಗಿಲ್ಲ, ಆದರೆ ಇನ್ನೂ ಮೆತ್ತನೆಯದು ಬೇಕು.

ಆ ಇನ್ನೂ ಮೆತ್ತನೆಯದು ಮುದುಡಿದ ಕ್ರಾಫ್ಟ್ ಕಾಗದ. ಹಗುರ ಗಾಜಿಗೆ ನನ್ನ ಆಯ್ಕೆ ಇದೇ. 70ರಿಂದ 90 ಜಿಎಸ್‌ಎಂ ಕಂದು ಕಾಗದವನ್ನು ಉದ್ದಕ್ಕೆ ಮುದುಡಿ, ಹಗ್ಗದ ಸಿಂಬಿಯ ಹಾಗೆ ಸುತ್ತಿ ಇಡಬೇಕು. ಗಟ್ಟಿ ಉಂಡೆ ಮಾಡಬಾರದು. ಅಂಗೈಯಲ್ಲಿ ಒತ್ತಿದರೆ ಅರ್ಧಕ್ಕೆ ಇಳಿದು, ಬಿಟ್ಟರೆ ಮುಕ್ಕಾಲು ಪಾಲು ಮೇಲೆ ಬರಬೇಕು. ಹಳೆಯ ಪತ್ರಿಕೆ ಹಾಗೆ ಮೇಲೆ ಬರುವುದಿಲ್ಲ, ಜೊತೆಗೆ ಶಾಯಿ ಗಾಜಿಗೆ ಹತ್ತುತ್ತದೆ. ಕ್ರಾಫ್ಟ್ ಕಾಗದಕ್ಕೂ ಒಂದು ದೋಷ ಇದೆ. ಲಾರಿಯ ಕುಲುಕಾಟಕ್ಕೆ ಕೂತುಬಿಡುತ್ತದೆ. ಹಾಗಾಗಿ ಪೆಟ್ಟಿಗೆಯ ಬಾಯಿಗಿಂತ ಎರಡು ಸೆಂಟಿಮೀಟರ್ ಮೇಲಕ್ಕೆ ಬರುವ ಹಾಗೆ ತುಂಬಿ, ಮುಚ್ಚಳ ಒತ್ತಿ ಟೇಪ್ ಹಾಕಬೇಕು. ಭಾರದ ಹೂದಾನಿಗೆ ಮಾತ್ರ ಇದನ್ನು ನಂಬಬೇಡಿ, ಮೊದಲ ಪೆಟ್ಟಿಗೇ ಚಪ್ಪಟೆಯಾಗುತ್ತದೆ.

ಗಾಳಿ ತುಂಬಿದ ಪ್ಲಾಸ್ಟಿಕ್ ದಿಂಬುಗಳು ಖಾಲಿ ಜಾಗ ತುಂಬಲು ಇರುವುದು. ಒಂದು ಒಡೆದರೆ ಅಲ್ಲಿ ಪೂರ್ತಿ ಗುಂಡಿ. ಬಿಡಿ ಬಿಡಿ ಥರ್ಮೋಕೋಲ್ ಕಾಳುಗಳಲ್ಲಿ ಸಾಮಾನು ಕುಲುಕಿದಷ್ಟೂ ತಳಕ್ಕೆ ಇಳಿಯುತ್ತದೆ. ಹೊರಟಾಗ ಮಧ್ಯದಲ್ಲಿದ್ದ ಗ್ಲಾಸು ತಲುಪುವ ಹೊತ್ತಿಗೆ ತಳದಲ್ಲಿ ಕೂತಿರುತ್ತದೆ. ಗಾಜಿಗೆ ಎರಡೂ ಬೇಡ.

ಇನ್ನೊಂದಿದೆ, ಜನ ಮರೆತದ್ದು. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಅಲೆ ಬಯಲಾಗಿರುವ ಎರಡು ಪ್ಲೈ ರಟ್ಟಿನ ಸುರುಳಿ. 1871ರಲ್ಲಿ ಆಲ್ಬರ್ಟ್ ಜೋನ್ಸ್ ಪೇಟೆಂಟ್ ಪಡೆದ ಮೊದಲ ಪ್ಯಾಕಿಂಗ್ ರಟ್ಟು ಇದೇ, ಬಾಟಲಿ ಮತ್ತು ದೀಪದ ಗಾಜಿನ ಚಿಮಣಿ ಸುತ್ತಲಿಕ್ಕೆ ಅಂತ. ಪೆಟ್ಟಿಗೆಗೂ ಮೊದಲು ರಟ್ಟು ಗಾಜಿನ ಮೆತ್ತೆಯಾಗಿತ್ತು! ಬಾಟಲಿ, ನೇರ ಲೋಟದಂಥ ಉರುಟು ಸಾಮಾನಿಗೆ ಇಂದಿಗೂ ಒಳ್ಳೆಯ ಸುತ್ತು.

ಅದೇ ಆರು ಗ್ಲಾಸು, ಸರಿಯಾಗಿ

ಒಂದೊಂದು ಗ್ಲಾಸು 200 ಗ್ರಾಂ, 22 ಸೆಂಟಿಮೀಟರ್ ಎತ್ತರ, ಎಂಟೂವರೆ ಸೆಂಟಿಮೀಟರ್ ಅಗಲ. ಮೊದಲು ಕಾಲಿಗೆ ತೆಳು ಕಾಗದ ಸುತ್ತುತ್ತಾ ಹೋಗಿ, ಬಟ್ಟಲಿನ ದಪ್ಪಕ್ಕೆ ತರಬೇಕು. ಆಗ ಇಡೀ ಗ್ಲಾಸು ಒಂದು ಉರುಳೆಯಾಗುತ್ತದೆ. ಪಕ್ಕದಿಂದ ಪೆಟ್ಟು ಬಿದ್ದಾಗ ಕಾಲು ಸೇತುವೆಯ ಹಾಗೆ ಅಂತರದಲ್ಲಿ ತೂಗುವುದಿಲ್ಲ. ಬಟ್ಟಲಿನೊಳಗೆ ಒಂದು ಹಾಳೆ ಸಡಿಲವಾಗಿ ಇಡಿ, ತುರುಕಬೇಡಿ. ಒಳಗಿಂದ ಒತ್ತಿದರೆ ಬಾಯಿಯ ಅಂಚು ಸೀಳಬಹುದು.

ಒಳಗಿನ ಪೆಟ್ಟಿಗೆ ಮೂರು ಪ್ಲೈ, ಬಿ ಫ್ಲೂಟ್. ಅದರಲ್ಲಿ ರಟ್ಟಿನ ಅಡ್ಡಪಟ್ಟಿಗಳಿಂದ ಹತ್ತು ಸೆಂಟಿಮೀಟರಿನ ಆರು ಮನೆ. ಗ್ಲಾಸುಗಳು ನಿಂತಿರಲಿ, ಮಲಗಿಸಬೇಡಿ. ಅಡ್ಡಪಟ್ಟಿ ಗ್ಲಾಸಿನ ತುದಿಗಿಂತ ಸ್ವಲ್ಪ ಎತ್ತರವಿದ್ದರೆ ಮೇಲಿನ ಭಾರ ಪಟ್ಟಿಗೆ ಹೋಗುತ್ತದೆ, ಗಾಜಿಗಲ್ಲ. ಈ ಪೆಟ್ಟಿಗೆಯ ಹೊರ ಅಳತೆ 32, 22, 25 ಸೆಂಟಿಮೀಟರ್ ಆಯಿತು. ತೂಕ ಎರಡು ಕಿಲೋ ಒಳಗೆ.

ಹೊರಗಿನ ಪೆಟ್ಟಿಗೆ ಐದು ಪ್ಲೈ. ಆರೂ ಕಡೆ 5 ಸೆಂಟಿಮೀಟರ್ ಕ್ರಾಫ್ಟ್ ಕಾಗದಕ್ಕೆ ಜಾಗ ಬಿಟ್ಟರೆ ಒಳ ಅಳತೆ 42, 32, 35. ಈ ತೂಕಕ್ಕೆ ಒಳ್ಳೆಯ ಮೂರು ಪ್ಲೈ ಸಿ ಫ್ಲೂಟ್ ಕೂಡ ಸಾಕು, ಹತ್ತಿರದ ಊರಿಗಾದರೆ ನಾನು ಅದನ್ನೇ ಬಳಸುತ್ತೇನೆ. ದೂರಕ್ಕೆ, ನಾಲ್ಕೈದು ಕಡೆ ಇಳಿಸಿ ಹತ್ತಿಸುವ ದಾರಿಗೆ ಐದು ಪ್ಲೈ.

ಈಗ ಕೈ ಕಚ್ಚುವುದು ಬೇರೆ ಕಡೆ. ಕೊರಿಯರಿನವರು ಜಾಗಕ್ಕೂ ತೂಕ ಕಟ್ಟುತ್ತಾರೆ. ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುವುದು ಬಹಳ ಕಡೆ ಇರುವ ಕ್ರಮ. ರಟ್ಟಿನ ದಪ್ಪವೂ ಸೇರಿ ನಮ್ಮ ಪೆಟ್ಟಿಗೆ ಹತ್ತೂವರೆ ಕಿಲೋ ಆಗುತ್ತದೆ, ನಿಜವಾದ ತೂಕ ಮೂರು ಕಿಲೋ ಹತ್ತಿರ ಇದ್ದರೂ. ಮೆತ್ತೆಯನ್ನು 3 ಸೆಂಟಿಮೀಟರಿಗೆ ಇಳಿಸಿದರೆ ಅದು ಏಳೂವರೆ ಕಿಲೋಗೆ ಬರುತ್ತದೆ. ಆಸೆ ಆಗುತ್ತದೆ, ಅಲ್ವಾ? ಆದರೆ ಪೆಟ್ಟು 60ರಿಂದ 100ಕ್ಕೆ ಏರುತ್ತದೆ. ಲೋಟವಾದರೆ ಇಳಿಸಿ, ಕಾಲಿನ ಗ್ಲಾಸಾದರೆ ಬೇಡ. ಮೂರು ಮೂರು ಗ್ಲಾಸಿನ ಎರಡು ಪಾರ್ಸೆಲ್ ಮಾಡಿದರೂ ಉಳಿತಾಯ ಇಲ್ಲ. ಎರಡೂ ಸೇರಿ ಹದಿನೈದು ಕಿಲೋ ಹತ್ತಿರ ಹೋಗುತ್ತದೆ.

ಕಳಿಸುವ ಮೊದಲು ಬೆಲೆ ಕಡಿಮೆಯ ಆರು ಗ್ಲಾಸು ಹಾಕಿ ಇದೇ ಪೆಟ್ಟಿಗೆಯನ್ನು ಗಟ್ಟಿ ನೆಲದ ಮೇಲೆ ಬೀಳಿಸಿ ನೋಡಿದೆ. 76 ಸೆಂಟಿಮೀಟರಿನಿಂದ, ಮೊದಲು ಒಂದು ಮೂಲೆಯ ಮೇಲೆ, ಆಮೇಲೆ ಆ ಮೂಲೆಗೆ ಸೇರುವ ಮೂರು ಅಂಚುಗಳ ಮೇಲೆ, ಕೊನೆಗೆ ಆರು ಮುಖಗಳ ಮೇಲೆ. ಹತ್ತೂ ಆದ ಮೇಲೆ ಅಲ್ಲಾಡಿಸಿದರೆ ಸದ್ದಿಲ್ಲ. ಆದರೆ ಒಳಗೆ ಏನೋ ಸ್ವಲ್ಪ ಸರಿದಂತೆ ಕೈಗೆ ತಿಳಿಯಿತು. ಮೇಲಿನಿಂದ ತೆಗೆಯದೆ ಪಕ್ಕದ ಗೋಡೆಯನ್ನು ಬ್ಲೇಡಿನಲ್ಲಿ ಕೊಯ್ದು ನೋಡಿದೆ. ಗ್ಲಾಸುಗಳು ಆರೂ ಸರಿ ಇದ್ದವು. ತಳದ ಕಾಗದ ಮಾತ್ರ 5 ಸೆಂಟಿಮೀಟರಿನಿಂದ ಮೂರೂವರೆಗೆ ಇಳಿದಿತ್ತು, ಮೇಲೆ ಎರಡು ಬೆರಳು ಹಿಡಿಸುವಷ್ಟು ಖಾಲಿ ಜಾಗ. ಮುಂದಿನ ಸಲ ತಳದ ನಾಲ್ಕು ಮೂಲೆಗೆ ಆರೂವರೆ ಸೆಂಟಿಮೀಟರಿನ ಫೋಮ್ ತುಂಡು ಇಟ್ಟು, ಅವುಗಳ ನಡುವೆ ಕಾಗದ ತುಂಬಿದೆ. ಮತ್ತೆ ಹತ್ತು ಸಲ ಬೀಳಿಸಿದೆ. ಮೇಲೆ ಒಂದು ಬೆರಳೂ ಹೋಗಲಿಲ್ಲ. ಈಗ ಕಾಲಿನ ಗ್ಲಾಸುಗಳೆಲ್ಲ ಆ ತಳದ ಮೇಲೇ ಹೋಗುತ್ತಿವೆ.